‘ಇನ್ನೊಬ್ಬರನ್ನ ಕೊಡಿ ಸರ್’: ಒಂದು ಮೇಲ್ ಬರೆಯಲು ಹಿಡಿದ ಐದು ತಿಂಗಳು

ಜನವರಿ 2024ರಲ್ಲಿ ನಮ್ಮ ಫೈನಾನ್ಸ್ ಡೈರೆಕ್ಟರಿಗೆ ಒಂದು ಮೇಲ್ ಹಾಕಿದ್ದೆ. ನಾಲ್ಕೇ ಸಾಲು. ಕೆಲಸ ತುಂಬಾ ಜಾಸ್ತಿಯಾಗಿದೆ, ಹುಡುಗರು ದಿನಾ ತಡವಾಗಿ ಮನೆಗೆ ಹೋಗುತ್ತಿದ್ದಾರೆ, ದಯವಿಟ್ಟು ಇನ್ನೊಬ್ಬರನ್ನು ಕೊಡಿ. ಹತ್ತು ನಿಮಿಷದಲ್ಲೇ ಉತ್ತರ ಬಂತು. ‘ಎಲ್ಲ ಡಿಪಾರ್ಟ್‌ಮೆಂಟಿನದೂ ಇದೇ ಕಥೆ. ಮುಂದಿನ ಬಜೆಟ್ಟಿನಲ್ಲಿ ನೋಡೋಣ.’

ಕೋಪ ಬಂತು. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ವಾರ ಪ್ರೊಡಕ್ಷನ್‌ನವರೂ ಕ್ವಾಲಿಟಿಯವರೂ ಇದೇ ಧಾಟಿಯ ಮೇಲ್ ಹಾಕಿದ್ದರು ಅಂತ ಆಮೇಲೆ ಗೊತ್ತಾಯಿತು. ಮೂವರಲ್ಲಿ ಯಾರಿಗೆ ನಿಜವಾಗಿ ಕಷ್ಟ ಅಂತ ಅವರಿಗೆ ಹೇಗೆ ತಿಳಿಯಬೇಕು?

ನಮ್ಮದು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿ. ನಾನು ನೋಡಿಕೊಳ್ಳುವುದು ಸಪ್ಲೈಯರ್‌ಗಳ ಬಿಲ್ ಪಾಸ್ ಮಾಡುವ ವಿಭಾಗ. ನನ್ನ ಕೈಕೆಳಗೆ ಮೂರು ಜನ. ದಾಬಸ್‌ಪೇಟೆಯಲ್ಲಿ ಎರಡನೇ ಪ್ಲಾಂಟ್ ಶುರುವಾಗುವವರೆಗೆ ತಿಂಗಳಿಗೆ 1,500 ಬಿಲ್ ಬರುತ್ತಿತ್ತು. ಒಂದೂವರೆ ವರ್ಷದಲ್ಲಿ ಅದು 2,150ಕ್ಕೆ ಏರಿತು. ಜನ ಮಾತ್ರ ಅದೇ ಮೂರು. ಟ್ರೇ ತುಂಬಿತು, ಟ್ರೇ ಪಕ್ಕದ ಕುರ್ಚಿ ತುಂಬಿತು, ಆಮೇಲೆ ಕಂಪ್ಯೂಟರ್ ಬಂದ ರಟ್ಟಿನ ಪೆಟ್ಟಿಗೆಗೂ ಬಿಲ್ ಹಾಕಲು ಶುರು ಮಾಡಿದೆವು.

ಏಪ್ರಿಲ್ ಕೊನೆಯಲ್ಲಿ ಒಬ್ಬ ಸಪ್ಲೈಯರ್ ಫೋನ್ ಮಾಡಿದರು. ಪೀಣ್ಯ ಎರಡನೇ ಹಂತದಲ್ಲಿ ಐದಾರು ಲೇತ್ ಇಟ್ಟುಕೊಂಡಿರುವವರು. ‘ಮೇಡಂ, ಮಾಲು ಕೊಟ್ಟು ಅರವತ್ತೆಂಟು ದಿನ ಆಯ್ತು. ದುಡ್ಡು ಬೇಡ ಬಿಡಿ, ಬಿಲ್ ಎಲ್ಲಿದೆ ಅಂತಾದ್ರೂ ಹೇಳಿ’ ಅಂದರು. ಪೆಟ್ಟಿಗೆಯಲ್ಲಿ ಹುಡುಕಿದೆ. ಸಿಕ್ಕಿತು. ಗೇಟಿನ ಇನ್‌ವರ್ಡ್ ಸೀಲ್ ಫೆಬ್ರವರಿಯದು. ತಕರಾರು ಒಂದೂ ಇಲ್ಲ, ಆರು ನಿಮಿಷದ ಕೆಲಸ. ಅಷ್ಟು ದಿನ ಸುಮ್ನೆ ಬಿದ್ದಿತ್ತು. ಈ ಸಲ ಲೆಕ್ಕ ಇಟ್ಟುಕೊಂಡೇ ಕೇಳಬೇಕು ಅಂತ ಅವತ್ತು ತೀರ್ಮಾನ ಮಾಡಿದೆ.

ಮೊದಲು ಕಂಪ್ಯೂಟರಿನಲ್ಲಿ ಏನು ಸಿಗುತ್ತದೆ ನೋಡಿದೆ. ನಾವು ಬಳಸುವುದು ಎಸ್‌ಎಪಿ ಅನ್ನುವ ಲೆಕ್ಕದ ಸಾಫ್ಟ್‌ವೇರ್. ಅದರ FBL1N ರಿಪೋರ್ಟಿನಲ್ಲಿ ಪ್ರತಿ ಬಿಲ್ಲಿನ ತಾರೀಖು, ನಾವು ಎಂಟ್ರಿ ಮಾಡಿದ ತಾರೀಖು, ದುಡ್ಡು ಹೋದ ತಾರೀಖು ಎಲ್ಲ ಎಕ್ಸೆಲ್ಲಿಗೆ ತೆಗೆಯಬಹುದು. ಎಷ್ಟು ಬಿಲ್, ಎಷ್ಟು ದಿನ ತಡ ಅನ್ನುವುದಕ್ಕೆ ಇಷ್ಟು ಸಾಕು. ಆದರೆ ಒಂದು ಬಿಲ್ಲಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಅದು ಹೇಳುವುದಿಲ್ಲ. ಎರಡು ಎಂಟ್ರಿಗಳ ನಡುವಿನ ಸಮಯ ತೆಗೆದುಕೊಂಡರೆ ಅದರಲ್ಲಿ ಕಾಫಿಯೂ ಇರುತ್ತದೆ, ಫೋನೂ ಇರುತ್ತದೆ. ತಕರಾರಿನ ಬಿಲ್ಲಂತೂ ಹತ್ತು ದಿನದಲ್ಲಿ ಐದು ಸಲ ಕೈಗೆ ಬರುತ್ತದೆ. ಎಸ್‌ಎಪಿಗೆ ಕಾಣುವುದು ಕೊನೆಯ ಸಲ ಬಿಲ್ ಎಂಟ್ರಿಯ MIRO ಸ್ಕ್ರೀನಿನಲ್ಲಿ ಹಾಕಿ ಸೇವ್ ಒತ್ತಿದ್ದು ಮಾತ್ರ.

ಅದಕ್ಕೆ ಹಳದಿ ಚೀಟಿ ತಂದೆ. ಪ್ರತಿ ಬಿಲ್ಲಿಗೆ ಒಂದು ಚೀಟಿ ಸ್ಟೇಪಲ್ ಮಾಡುವುದು. ಬಿಲ್ ಕೈಗೆ ತೆಗೆದುಕೊಂಡಾಗಲೆಲ್ಲ ಎಷ್ಟು ನಿಮಿಷ ಅಂತ ಬರೆಯುವುದು. ಮೊದಲ ದಿನವೇ ಜಗಳ. ‘ಮೇಡಂ, ನಮ್ಮ ಮೇಲೇ ಲೆಕ್ಕ ಇಡ್ತೀರಾ? ನಾಳೆ ಇದನ್ನೇ ತೋರಿಸಿ ಇಂಕ್ರಿಮೆಂಟ್ ಕಟ್ ಮಾಡಿದ್ರೆ?’ ಅಂತ ಸೀನಿಯರ್ ಹುಡುಗ ಕೇಳಿಯೇ ಬಿಟ್ಟ. ಅವನು ಹೆದರಿದ್ದರಲ್ಲಿ ಅರ್ಥವಿತ್ತು. ಚೀಟಿಯಲ್ಲಿ ಯಾರೂ ಹೆಸರು ಬರೆಯುವುದು ಬೇಡ, ಬಿಲ್ಲಿನ ನಂಬರ್ ಮತ್ತು ನಿಮಿಷ ಸಾಕು ಅಂತ ಮಾಡಿದೆ. ನನ್ನ ಕೈಗೆ ಬಂದ ಬಿಲ್ಲಿಗೆ ನಾನೂ ಬರೆದೆ. ಆಮೇಲೆ ಯಾರೂ ತಕರಾರು ಮಾಡಲಿಲ್ಲ.

ಯಾವ ದಿನಗಳನ್ನು ಅಳೆಯುತ್ತೇವೆ ಅನ್ನುವುದೂ ಮುಖ್ಯ. ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ, ಅಂದರೆ ಜಿಎಸ್‌ಟಿಯ 2ಬಿ ಸ್ಟೇಟ್‌ಮೆಂಟ್, ಬರುವುದು 14ನೇ ತಾರೀಖು. ಅದನ್ನು ನೋಡಿಕೊಂಡು 3ಬಿ ರಿಟರ್ನ್ ಹಾಕಿ ತೆರಿಗೆ ಕಟ್ಟಬೇಕಾದದ್ದು 20ರೊಳಗೆ. ಆ ಆರು ದಿನ ನಮ್ಮಲ್ಲಿ ಬಿಲ್ ಮುಟ್ಟುವುದು ಕಡಿಮೆ, ಮ್ಯಾಚ್ ಮಾಡುವುದೇ ಕೆಲಸ. ಅದನ್ನು ಬಿಟ್ಟು ಅಳೆದರೆ ನಾವು ಬಿಡುವಾಗಿದ್ದೇವೆ ಅನ್ನಿಸುತ್ತದೆ. ಅದನ್ನು ಮಾತ್ರ ಅಳೆದರೆ ಸುಳ್ಳು ಹೇಳಿದ ಹಾಗೆ. ಹಾಗಾಗಿ 8ರಿಂದ 22ರವರೆಗೆ ಅಳೆದೆವು. ಎರಡು ತರದ ದಿನಗಳೂ ಸಿಕ್ಕವು.

ಚೀಟಿ ಕೂಡಿಸಿ ನೋಡಿದಾಗ ನಮ್ಮ ಅಂದಾಜೆಲ್ಲ ತಪ್ಪಾಗಿತ್ತು. ಖರೀದಿ ಆರ್ಡರ್ ಅಂದರೆ ಪಿಒ, ಮಾಲು ಬಂತು ಅಂತ ಸ್ಟೋರ್ಸಿನವರು ಮಾಡುವ ಜಿಆರ್‌ಎನ್, ಬಿಲ್ ಮೂರೂ ಸರಿಹೊಂದುವ ಸೀದಾ ಬಿಲ್ಲಿಗೆ ಮೂರು ನಿಮಿಷ ಸಾಕು ಅಂದುಕೊಂಡಿದ್ದೆವು. ಆರು ಹಿಡಿಯುತ್ತಿತ್ತು. ಸ್ಕ್ಯಾನ್ ಮಾಡಿ ಅಟ್ಯಾಚ್ ಮಾಡುವ ಸಮಯವನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಾಗಾಣಿಕೆ, ರಿಪೇರಿ ತರದ ಸರ್ವಿಸ್ ಬಿಲ್ಲಿಗೆ 14 ನಿಮಿಷ. ಅದಕ್ಕೆ ಜಿಆರ್‌ಎನ್ ಇರುವುದಿಲ್ಲ, ಕೆಲಸ ಆಯಿತು ಅಂತ ಯಾರಾದರೂ ಸೈನ್ ಮಾಡಬೇಕು, ಟಿಡಿಎಸ್ ನೋಡಬೇಕು. ತಕರಾರಿನ ಬಿಲ್ಲಿಗೆ ಒಂದು ಗಂಟೆ ಹೋಗುತ್ತದೆ ಅಂತ ಎಲ್ಲರೂ ಗೋಳಾಡುತ್ತಿದ್ದರು. ಚೀಟಿ ಹೇಳಿದ್ದು ಅರ್ಧ ಗಂಟೆ. ಐದು ಸಲ ಎತ್ತಿ ಇಡುವುದರಿಂದ ಒಂದು ಗಂಟೆ ಅನ್ನಿಸುತ್ತದೆ, ಅಷ್ಟೇ.

ತಿಂಗಳ 2,150 ಬಿಲ್‌ಗಳಲ್ಲಿ ಸೀದಾ 1,350, ಸರ್ವಿಸ್ 450, ತಕರಾರು 350. ಗುಣಿಸಿ ಕೂಡಿದರೆ 415 ಗಂಟೆ. ಇದರ ಮೇಲೆ ಸಪ್ಲೈಯರ್‌ಗಳ ಫೋನ್, 2ಬಿ ಮ್ಯಾಚಿಂಗ್, ಪೇಮೆಂಟ್ ಪಟ್ಟಿ, ತಿಂಗಳ ಕೊನೆಯ ಲೆಕ್ಕ ಎಲ್ಲ ಸೇರಿ 165 ಗಂಟೆ. ಒಟ್ಟು 580.

ನಮ್ಮ ಹತ್ತಿರ ಇರುವ ಸಮಯ ಎಷ್ಟು? ಇಲ್ಲಿ ನಾನೊಂದು ತಪ್ಪು ಮಾಡುವವಳಿದ್ದೆ. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಅಂತ ಹಿಡಿದರೆ ಮೂವರಿಗೆ 600 ಗಂಟೆ. ಕೊರತೆಯೇ ಇಲ್ಲ! ಆದರೆ ಯಾರೂ 8 ಗಂಟೆ ಪೂರ್ತಿ ಬಿಲ್ ಮೇಲೆ ಕೂರುವುದಿಲ್ಲ. ರಜೆ ಕಳೆದರೆ ಒಬ್ಬರು ಸರಾಸರಿ 23 ದಿನ ಬರುತ್ತಾರೆ. ಊಟ, ಕಾಫಿ, ಮೀಟಿಂಗ್ ಕಳೆದರೆ ದಿನಕ್ಕೆ ಆರೂವರೆ ಗಂಟೆ. ಅಂದರೆ ಒಬ್ಬರಿಗೆ ತಿಂಗಳಿಗೆ 150 ಗಂಟೆ, ಮೂವರಿಗೆ 450. ಬೇಕಾದದ್ದು 580. ತಿಂಗಳಿಗೆ 130 ಗಂಟೆ ಕೊರತೆ. ಹೆಚ್ಚುಕಡಿಮೆ ಒಬ್ಬರ ಕೆಲಸ.

ಇಷ್ಟಕ್ಕೆ ಮೇಲ್ ಬರೆದುಬಿಡಬಹುದಿತ್ತು. ಆದರೆ ಡೈರೆಕ್ಟರಿಗೆ ಗಂಟೆ ಕಟ್ಟಿಕೊಂಡು ಏನಾಗಬೇಕು? ಅವರು ಕೇಳುವುದು ದುಡ್ಡಿನ ಮಾತು.

ಹೊಸಬರ ಖರ್ಚಿನ ಲೆಕ್ಕ ಸುಲಭ. ಎರಡು ವರ್ಷ ಅನುಭವ ಇರುವ ಬಿ.ಕಾಂ. ಓದಿದವರಿಗೆ ಪಿಎಫ್, ಗ್ರಾಚ್ಯುಟಿ, ಇನ್ಶೂರೆನ್ಸ್ ಸೇರಿ ತಿಂಗಳಿಗೆ ₹36,000. ಐಟಿಯವರನ್ನು ಕೇಳಿ ಲ್ಯಾಪ್‌ಟಾಪ್, ಎಸ್‌ಎಪಿ ಲೈಸೆನ್ಸ್ ಸೇರಿಸಿದೆ. ಮೊದಲ ವರ್ಷಕ್ಕೆ ₹5.2 ಲಕ್ಷ.

ಲಾಭದ ಕಡೆ ನಾನು ಹಾಕಿದ ಮೊದಲ ಲೆಕ್ಕದ ಮೊತ್ತ ₹17.36 ಲಕ್ಷ. ಬರೆದು ಮುಗಿಸಿದಾಗ ಬಹಳ ಖುಷಿಯಾಗಿತ್ತು. ಕಳಿಸುವ ಮುಂಚೆ ಬ್ಯಾಂಕಿನ ವ್ಯವಹಾರ ನೋಡಿಕೊಳ್ಳುವ ನಮ್ಮ ಹಿರಿಯರಿಗೆ ತೋರಿಸಿದೆ. ರಿಟೈರ್ ಆಗಲು ಎರಡು ವರ್ಷ ಇತ್ತು ಅವರಿಗೆ. ಕನ್ನಡಕ ಹಣೆಗೇರಿಸಿ ಓದಿದರು. ಪೆನ್ಸಿಲ್ ತೆಗೆದರು.

ಮೊದಲು ಹೊಡೆದದ್ದು ಡಿಸ್ಕೌಂಟಿನ ಸಾಲು. ನಮ್ಮ ಕೆಲವು ಸಪ್ಲೈಯರ್‌ಗಳು 45 ದಿನದ ಬದಲು 10 ದಿನದಲ್ಲಿ ದುಡ್ಡು ಕೊಟ್ಟರೆ 1% ಬಿಡುತ್ತಾರೆ. ಬಿಲ್ ತಡವಾಗಿ ಪಾಸಾಗುವುದರಿಂದ ವರ್ಷಕ್ಕೆ ₹2.88 ಕೋಟಿ ಮೌಲ್ಯದ ಖರೀದಿಯಲ್ಲಿ ಆ 1% ತಪ್ಪಿಹೋಗುತ್ತಿದೆ. ₹2.88 ಲಕ್ಷ ನಷ್ಟ ಅಂತ ಬರೆದಿದ್ದೆ.

‘ನೋಡಮ್ಮಾ, ಹತ್ತನೇ ದಿನ ಕೊಡೋಕೆ ದುಡ್ಡು ಎಲ್ಲಿಂದ ಬರುತ್ತೆ? ಬ್ಯಾಂಕಿನ ಸಾಲದ ಸಿಸಿ ಖಾತೆಯಿಂದ. ಅದಕ್ಕೆ ನಾವು 9.5% ಬಡ್ಡಿ ಕಟ್ತೀವಿ. 35 ದಿನ ಮುಂಚೆ ಕೊಟ್ರೆ ಬಡ್ಡಿ ಎಷ್ಟಾಯ್ತು?’ ಲೆಕ್ಕ ಹಾಕಿದೆ. 0.91%. ಸಿಗುವ ಒಂದು ರೂಪಾಯಿಯಲ್ಲಿ 91 ಪೈಸೆ ಬ್ಯಾಂಕಿಗೆ. ₹2.88 ಲಕ್ಷ ಹೋಗಿ ₹26 ಸಾವಿರ ಉಳಿಯಿತು. 2% ಬಿಡುವವರಾಗಿದ್ದರೆ ಕಥೆಯೇ ಬೇರೆ. ನಮ್ಮವರು ಯಾರೂ ಅಷ್ಟು ಬಿಡುವುದಿಲ್ಲ.

ಎರಡನೆಯದು ಇನ್ಕಮ್ ಟ್ಯಾಕ್ಸ್ ಕಾಯ್ದೆಯ 43ಬಿ(ಎಚ್). ಆ ವರ್ಷ ಎಲ್ಲ ಅಕೌಂಟ್ಸ್ ವಿಭಾಗಗಳ ನಿದ್ದೆ ಕೆಡಿಸಿದ್ದು ಇದೇ. ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಮತ್ತು ಅತಿ ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಕೊಡದೆ ಬಾಕಿ ಉಳಿಸಿಕೊಂಡರೆ ಆ ಖರ್ಚನ್ನು ಆ ವರ್ಷ ತೋರಿಸುವ ಹಾಗಿಲ್ಲ, ನಿಜವಾಗಿ ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. 2023-24ರ ಲೆಕ್ಕದಿಂದ ಇದು ಜಾರಿಗೆ ಬಂತು. 31 ಮಾರ್ಚ್ 2024ರಂದು ನಮ್ಮಲ್ಲಿ ಇಂಥ ಬಾಕಿ ₹48 ಲಕ್ಷ ಇತ್ತು. ಅದಕ್ಕೆ 25.17% ತೆರಿಗೆ, ಅಂದರೆ ₹12.08 ಲಕ್ಷ. ನಾನು ಅಷ್ಟನ್ನೂ ನಷ್ಟ ಅಂತ ಹಾಕಿದ್ದೆ.

ಹಿರಿಯರು ನಕ್ಕರು. ‘ಈ ವರ್ಷ ಕಟ್ಟಿದ್ದು ಮುಂದಿನ ವರ್ಷ ವಾಪಸ್ ಲೆಕ್ಕಕ್ಕೆ ಬರುತ್ತಲ್ಲಮ್ಮ. ದುಡ್ಡು ಹೋಗಿಲ್ಲ, ಒಂದು ವರ್ಷ ಬೇಗ ಹೋಗಿದೆ.’ ಹಾಗಾಗಿ ನಷ್ಟ ಅಂದರೆ ಆ ₹12.08 ಲಕ್ಷದ ಮೇಲಿನ ಒಂದು ವರ್ಷದ ಬಡ್ಡಿ ಮಾತ್ರ. ₹1.15 ಲಕ್ಷ. ಡೈರೆಕ್ಟರ್ ಸ್ವತಃ ಸಿಎ. ಆ ಹನ್ನೆರಡು ಲಕ್ಷ ನೋಡಿದ್ದರೆ ಉಳಿದದ್ದನ್ನು ಅವರು ಓದುತ್ತಿದ್ದರೋ ಇಲ್ಲವೋ.

ಮೂರನೆಯದನ್ನು ಮುಟ್ಟಲಿಲ್ಲ. ತಡವಾದ ಸಣ್ಣ ಉದ್ಯಮಗಳ ಬಿಲ್ಲಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಬೀಳುತ್ತದೆ. ಆಗ ಬ್ಯಾಂಕ್ ದರ 6.75%, ಮೂರು ಪಟ್ಟು ಅಂದರೆ 20.25%. ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸಪ್ಲೈಯರ್ ಬಾಯಿಬಿಟ್ಟು ಕೇಳದಿದ್ದರೂ ಆಡಿಟರ್ ಪುಸ್ತಕದಲ್ಲಿ ಹಾಕಿಸುತ್ತಾರೆ, ತೆರಿಗೆಯಲ್ಲಿ ಅದನ್ನು ಖರ್ಚು ಅಂತ ತೋರಿಸುವ ಹಾಗೂ ಇಲ್ಲ. ಹೋದ ವರ್ಷ ಅದು ₹2.4 ಲಕ್ಷ ಆಗಿತ್ತು.

ಆದರೆ ಇಲ್ಲೊಂದು ಪ್ರಶ್ನೆ ಕೇಳಿದರು. ‘ತಡ ಆಗಿದ್ದೆಲ್ಲ ನಿಮ್ಮಿಂದಾನಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಒಂದು ವಾರ ಹೋಯಿತು. 45 ದಿನ ದಾಟಿದ ಬಿಲ್‌ಗಳಲ್ಲಿ ಕಣ್ಣು ಮುಚ್ಚಿ ಅರವತ್ತು ಆರಿಸಿದೆ. ಪ್ರತಿಯೊಂದಕ್ಕೂ ಐದು ತಾರೀಖು ಹುಡುಕಿದೆ: ಗೇಟಿಗೆ ಬಂದದ್ದು, ಸ್ಟೋರ್ಸಿನಲ್ಲಿ ಜಿಆರ್‌ಎನ್ ಆದದ್ದು, ನಮ್ಮ ಎಂಟ್ರಿ, ಮೇಲಿನವರ ಅಪ್ರೂವಲ್, ದುಡ್ಡು ಹೋದದ್ದು. ಗೇಟಿನ ರಿಜಿಸ್ಟರ್ ಇನ್ನೂ ಕೈಬರಹ. ಸೆಕ್ಯುರಿಟಿ ಅಣ್ಣನ 1 ಯಾವುದು 7 ಯಾವುದು ಅಂತ ತಿಳಿಯಲು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾಯಿತು. ಅತಿ ಹೆಚ್ಚು ದಿನ ಎಲ್ಲಿ ಕಳೆಯಿತು ನೋಡಿದರೆ, 60ರಲ್ಲಿ ನಮ್ಮ ಮೇಜಿನ ಮೇಲೆ 27, ಸ್ಟೋರ್ಸಿನಲ್ಲಿ 18, ಅಪ್ರೂವಲ್ಲಿನಲ್ಲಿ 9, ನಿಜವಾಗಿ ದುಡ್ಡಿಲ್ಲದೆ ನಿಂತದ್ದು 6.

ನಮ್ಮ ಪಾಲು 45%. ಹೊಸಬರು ಬಂದರೆ ಸರಿಹೋಗುವುದು ಅಷ್ಟೇ ಅಲ್ವಾ? ಹಾಗಾಗಿ ಬಡ್ಡಿಯ ₹2.4 ಲಕ್ಷ ₹1.08 ಲಕ್ಷಕ್ಕೆ ಇಳಿಯಿತು. ತೆರಿಗೆಯ ₹1.15 ಲಕ್ಷ ₹52 ಸಾವಿರಕ್ಕೆ. ಡಿಸ್ಕೌಂಟಿನ ₹26 ಸಾವಿರ ಸೇರಿಸಿದರೂ ಎರಡು ಲಕ್ಷ ಮುಟ್ಟಲಿಲ್ಲ. ಕೇಳುತ್ತಿರುವುದು ಐದು ಲಕ್ಷ. ಕಾಗದ ಹಿಡಿದುಕೊಂಡು ಸುಮ್ಮನೆ ಕೂತೆ.

ಹಿರಿಯರೇ ಕೇಳಿದರು. ‘ಆ ಪೆಟ್ಟಿಗೆಯಲ್ಲಿ ಬಿದ್ದಿರೋ ಬಿಲ್ಲುಗಳಲ್ಲಿ ಜಿಎಸ್‌ಟಿ ಎಷ್ಟಿದೆ?’

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದೇ ಇನ್‌ಪುಟ್ ಕ್ರೆಡಿಟ್. ನಮ್ಮಲ್ಲಿ ಚೆಕ್ ಆಗಿ ಬುಕ್ ಆದ ಬಿಲ್ಲಿಗೆ ಮಾತ್ರ ಅದನ್ನು ತೆಗೆದುಕೊಳ್ಳುತ್ತೇವೆ. ಬಿಲ್ ಪೆಟ್ಟಿಗೆಯಲ್ಲಿದ್ದರೆ ಆ ಕ್ರೆಡಿಟ್ಟೂ ಪೆಟ್ಟಿಗೆಯಲ್ಲೇ. ಅಷ್ಟು ದುಡ್ಡನ್ನು ಪ್ರತಿ 20ನೇ ತಾರೀಖು ಕೈಯಿಂದ ಕಟ್ಟುತ್ತಿದ್ದೇವೆ. ಬಾಕಿ ಇದ್ದ ಸುಮಾರು 1,000 ಬಿಲ್ ಪಟ್ಟಿ ಮಾಡಿದೆ. ಜಿಎಸ್‌ಟಿ ₹31 ಲಕ್ಷ. ಯಾವಾಗಲೂ ಕೈಯಲ್ಲಿ 200 ಬಿಲ್ ಇರುವುದು ಸಹಜ, ಹಾಗಾಗಿ ಹೆಚ್ಚುವರಿ 800 ಬಿಲ್ಲಿನ ಸುಮಾರು ₹25 ಲಕ್ಷ ಹಿಡಿದೆವು. 9.5% ಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ₹2.37 ಲಕ್ಷ. ಎಲ್ಲ ಸೇರಿ ₹4.23 ಲಕ್ಷ.

ಇನ್ನೂ ₹5.2 ಲಕ್ಷಕ್ಕಿಂತ ಕಡಿಮೆಯೇ. ಆದರೆ ರಾಶಿ ಇದ್ದಲ್ಲೇ ಇರುವುದಿಲ್ಲ. ಆರು ತಿಂಗಳಿಂದ ತಿಂಗಳಿಗೆ 130ರಂತೆ ಬೆಳೆಯುತ್ತಿದೆ. ಹೀಗೇ ಬಿಟ್ಟರೆ ಮುಂದಿನ ವರ್ಷ ಸರಾಸರಿ ಇನ್ನೂ 780 ಬಿಲ್ ಹೆಚ್ಚಿಗೆ ಬಿದ್ದಿರುತ್ತವೆ. ಅದರ ಜಿಎಸ್‌ಟಿಯ ಬಡ್ಡಿ ₹2.3 ಲಕ್ಷ. ಒಟ್ಟು ₹6.53 ಲಕ್ಷ. ಹದಿನೇಳು ಲಕ್ಷದ ಕಾಗದ ಹರಿದುಹಾಕಿದೆ.

ಮೇಲ್ ಕಳಿಸಿದ್ದು ಜೂನ್ ಮೊದಲ ವಾರ, 3ಬಿ ಗಲಾಟೆ ಶುರುವಾಗುವ ಮುಂಚೆ. ಇಂಗ್ಲಿಷಿನಲ್ಲಿ ಬರೆದದ್ದು, ಕನ್ನಡದಲ್ಲಿ ಹೆಚ್ಚುಕಡಿಮೆ ಹೀಗೆ:

ವಿಷಯ: ಬಿಲ್ ವಿಭಾಗಕ್ಕೆ ಒಬ್ಬರು ಬೇಕು. ಖರ್ಚು ₹5.2 ಲಕ್ಷ, ಉಳಿತಾಯ ₹6.53 ಲಕ್ಷ. ಜೂನ್ 30ರೊಳಗೆ ನಿಮ್ಮ ತೀರ್ಮಾನ ಬೇಕು.

ಸರ್,

ಸೆಪ್ಟೆಂಬರಿನಿಂದ ಒಬ್ಬ ಅಕೌಂಟ್ಸ್ ಅಸಿಸ್ಟೆಂಟ್ ಬೇಕು ಅಂತ ಕೇಳುತ್ತಿದ್ದೇನೆ. ತಿಂಗಳಿಗೆ 580 ಗಂಟೆ ಕೆಲಸ ಇದೆ, ಮೂವರಿಂದ ಆಗುವುದು 450. ಇದನ್ನು ಮೇ 8ರಿಂದ 22ರವರೆಗೆ ಬಿಲ್ಲಿಗೊಂದು ಚೀಟಿ ಇಟ್ಟು ಅಳೆದಿದ್ದೇವೆ.

ಬಾಕಿ ಬಿಲ್ ಡಿಸೆಂಬರಿನಲ್ಲಿ 200 ಇತ್ತು, ಈಗ 1,000. ಅದರಲ್ಲಿ ₹31 ಲಕ್ಷ ಜಿಎಸ್‌ಟಿ ಕ್ರೆಡಿಟ್ ಸಿಕ್ಕಿಕೊಂಡಿದೆ.

ತಡವಾಗುವುದೆಲ್ಲ ನಮ್ಮಿಂದಲ್ಲ. 60 ಬಿಲ್ ಹಿಡಿದು ನೋಡಿದ್ದೇನೆ, ನಮ್ಮ ಪಾಲು 45%. ಉಳಿತಾಯದಲ್ಲಿ ಬಡ್ಡಿ ಮತ್ತು ತೆರಿಗೆಯನ್ನು ಅಷ್ಟಕ್ಕೇ ಇಳಿಸಿ ಹಾಕಿದ್ದೇನೆ. ಈಗಿನ ರಾಶಿ ಇಳಿದರೆ ₹4.23 ಲಕ್ಷ, ರಾಶಿ ಬೆಳೆಯದಿದ್ದರೆ ಇನ್ನು ₹2.3 ಲಕ್ಷ. ಎರಡನೆಯದು ಅಂದಾಜು.

ಹೊಸಬರು ಕಲಿಯಲು ಮೂರು ತಿಂಗಳು ಬೇಕು. ಮಾರ್ಚ್ 2025ಕ್ಕೆ ಬಾಕಿ 200ಕ್ಕೆ ಇಳಿಯುತ್ತದೆ. ಪ್ರತಿ ತಿಂಗಳು 5ನೇ ತಾರೀಖು ಬಾಕಿ ಎಷ್ಟು ಅಂತ ನಿಮಗೆ ಕಳಿಸುತ್ತೇನೆ. ಲೆಕ್ಕದ ಎಕ್ಸೆಲ್ ಜೊತೆಗಿದೆ.

ಇಷ್ಟೇ. ಹುಡುಗರು ತಡವಾಗಿ ಕೂರುವ ವಿಷಯ ಬರೆಯಲಿಲ್ಲ. ಆಮೇಲೆ ಅದೇ ಎಡವಟ್ಟಾಯಿತು.

ಎರಡು ದಿನ ಬಿಟ್ಟು ಕರೆದರು. ಎಕ್ಸೆಲ್ ತೆರೆದಿತ್ತು, ಪಕ್ಕದಲ್ಲಿ ಕ್ಯಾಲ್ಕ್ಯುಲೇಟರ್. ‘ಕೂತ್ಕೊಳ್ಳಿ. ತಿಂಗಳಿಗೆ 130 ಗಂಟೆ ಕೊರತೆ ಅಂದ್ರೆ ಆರು ತಿಂಗಳಿಗೆ 780 ಗಂಟೆ. ನಿಮ್ಮದೇ ಸರಾಸರಿ, ಬಿಲ್ಲಿಗೆ ಹನ್ನೊಂದೂವರೆ ನಿಮಿಷ. ಅಂದ್ರೆ ನಾಲ್ಕು ಸಾವಿರ ಬಿಲ್ ಬಾಕಿ ಬೀಳಬೇಕಿತ್ತು. ಬಿದ್ದಿರೋದು ಎಂಟುನೂರು. ಮಿಕ್ಕಿದ್ದು ಎಲ್ಲಿ ಹೋಯ್ತು?’

ಕೈಕಾಲು ತಣ್ಣಗಾಯಿತು. ಇಡೀ ಲೆಕ್ಕವೇ ಸುಳ್ಳು ಅನ್ನುವ ಹಾಗೆ ಕೇಳಿಸಿತು. ಒಂದು ನಿಮಿಷ ಯೋಚಿಸಿದ ಮೇಲೆ ಹೊಳೆಯಿತು. ಮಿಕ್ಕಿದ್ದನ್ನು ನಾವೇ ಮಾಡಿದ್ದೆವು. ತಿಂಗಳಿಗೆ ಸುಮಾರು 54 ಗಂಟೆ ನಾನೇ ಬಿಲ್ ಹಾಕುತ್ತಿದ್ದೆ, ಚೀಟಿಗಳಲ್ಲಿ ನನ್ನ ನಿಮಿಷಗಳೂ ಇದ್ದವು. ಮೂವರೂ ದಿನಕ್ಕೆ ಮುಕ್ಕಾಲು ಗಂಟೆ ಹೆಚ್ಚಿಗೆ ಕೂತರೆ ತಿಂಗಳಿಗೆ 50 ಗಂಟೆಯಾಗುತ್ತದೆ. ಉಳಿದ 26 ಗಂಟೆಯ ಕೆಲಸವೇ ತಿಂಗಳಿಗೆ 130 ಬಿಲ್ ಆಗಿ ಪೆಟ್ಟಿಗೆಗೆ ಬೀಳುತ್ತಿತ್ತು. ಹೇಳಿದೆ.

‘ಇದನ್ನ ಮೇಲ್‌ನಲ್ಲಿ ಯಾಕೆ ಬರೀಲಿಲ್ಲ?’

‘ಗೋಳು ಹೇಳಿಕೊಂಡ ಹಾಗಾಗುತ್ತೆ ಅಂತ, ಸರ್.’

‘ಗೋಳಲ್ಲ ರೀ, ಇದು ಲೆಕ್ಕ.’ ಎಚ್‌ಆರ್‌ಗೆ ಫೋನ್ ಮಾಡಿ ನಮ್ಮ ಮೂವರ ಪಂಚಿಂಗ್ ತರಿಸಿದರು. ಸರಾಸರಿ 42 ನಿಮಿಷ ಬಂತು. ನನಗೆ ಜೀವ ಬಂದ ಹಾಗಾಯಿತು.

ಅಲ್ಲಿಗೂ ಬಿಡಲಿಲ್ಲ. ತಕರಾರಿನ 350 ಬಿಲ್ ಹಿಡಿದುಕೊಂಡರು. ‘ಬಿಲ್ಲಿನ ಸಮಯದಲ್ಲಿ 42% ಇವೇ ತಿಂತಿವೆ. ಇವನ್ನ ಕಡಿಮೆ ಮಾಡಿದ್ರೆ ಆಳೇ ಬೇಡವಲ್ಲ?’ ಒಳ್ಳೆಯ ಪ್ರಶ್ನೆ. ಅದಕ್ಕೆ ಮಾತ್ರ ತಯಾರಾಗಿದ್ದೆ. ತಕರಾರಿನಲ್ಲಿ 200 ಬಿಲ್ ರೇಟಿನವು. ಸ್ಟೀಲ್ ರೇಟ್ ಬದಲಾದಾಗ ಪರ್ಚೇಸ್‌ನವರು ಸಪ್ಲೈಯರಿಗೆ ಮೇಲ್‌ನಲ್ಲಿ ಒಪ್ಪಿಗೆ ಕೊಡುತ್ತಾರೆ, ಎಸ್‌ಎಪಿಯ ಪಿಒದಲ್ಲಿ ತಿದ್ದುವುದಿಲ್ಲ. ಬಿಲ್ ಹೊಸ ರೇಟಿನಲ್ಲಿ ಬರುತ್ತದೆ, ಪಿಒ ಹಳೆಯ ರೇಟಿನಲ್ಲಿ ಇರುತ್ತದೆ, ನಡುವೆ ನಾವು. ಪಿಒ ಸಮಯಕ್ಕೆ ತಿದ್ದಿದರೆ ಅರ್ಧವಾದರೂ ಹೋಗುತ್ತದೆ. 100 ಬಿಲ್, ಅರ್ಧರ್ಧ ಗಂಟೆ, 50 ಗಂಟೆ ಉಳಿಯುತ್ತದೆ.

‘ಹಾಗಾದ್ರೆ ಕೊರತೆ 80 ಗಂಟೆ. ಅದಕ್ಕೆ ಪೂರ್ತಿ ಒಬ್ಬರು ಯಾಕೆ?’

‘ತಿಂಗಳಿಗೆ 36 ಬಿಲ್ ಜಾಸ್ತಿ ಆಗ್ತಾ ಇದೆ ಸರ್. ಹತ್ತು ತಿಂಗಳಲ್ಲಿ ಇನ್ನೂ 70 ಗಂಟೆ ಸೇರುತ್ತೆ.’

ಕ್ಯಾಲ್ಕ್ಯುಲೇಟರ್ ಒತ್ತಿದರು. 150. ಏನೂ ಹೇಳದೆ ಮಾನಿಟರ್ ಕಡೆ ತಿರುಗಿದರು.

ಜೂನ್ 27ಕ್ಕೆ ಉತ್ತರ ಬಂತು. ಒಬ್ಬರಿಗೆ ಒಪ್ಪಿಗೆ, ಆದರೆ ಒಂದು ವರ್ಷದ ಕಾಂಟ್ರಾಕ್ಟ್. ಮಾರ್ಚಿನಲ್ಲಿ ಬಾಕಿ ನೋಡಿ ಪರ್ಮನೆಂಟ್ ಮಾಡುವ ಮಾತು. ಪಿಒ ತಿದ್ದದೆ ರೇಟ್ ಒಪ್ಪಬಾರದು ಅಂತ ಪರ್ಚೇಸ್‌ಗೂ ಒಂದು ಮೇಲ್ ಹೋಗಿತ್ತು. ಅದಾದ ಮೇಲೆ ಎರಡು ವಾರ ಪರ್ಚೇಸ್‌ನವರು ಕ್ಯಾಂಟೀನಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಅವರಿಗೆ ಮೊದಲೇ ಒಂದು ಮಾತು ಹೇಳಿ ಆಮೇಲೆ ಡೈರೆಕ್ಟರ್ ಮುಂದೆ ಹೇಳಬೇಕಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಸೆಪ್ಟೆಂಬರಿನಲ್ಲಿ ತುಮಕೂರಿನ ಒಬ್ಬ ಹುಡುಗಿ ಸೇರಿದಳು. ಅಷ್ಟೊತ್ತಿಗೆ ಬಾಕಿ 1,250 ಆಗಿತ್ತು. ಮೊದಲ ತಿಂಗಳು ಅವಳಿಗೆ ಹೇಳಿಕೊಡುವುದರಲ್ಲೇ ನಮ್ಮ ಸಮಯ ಹೋಗಿ ಬಾಕಿ ಇನ್ನೂ ಏರಿತು. ಅಕ್ಟೋಬರ್ 5ರಂದು ಆ ನಂಬರ್ ಡೈರೆಕ್ಟರಿಗೆ ಕಳಿಸುವಾಗ ಬೆರಳು ನಡುಗಿತ್ತು. ಡಿಸೆಂಬರಿನಲ್ಲಿ 620ಕ್ಕೆ ಇಳಿಯಿತು, ಮಾರ್ಚ್ 2025ರಲ್ಲಿ 290ಕ್ಕೆ. ನಾನು ಹೇಳಿದ್ದು 200. ಪಿಒ ತಿದ್ದುವುದರಿಂದ 100 ತಕರಾರು ಹೋಗುತ್ತದೆ ಅಂದಿದ್ದೆ, ಹೋದದ್ದು 60. ಆ 90 ಬಿಲ್ಲಿನ ವ್ಯತ್ಯಾಸಕ್ಕೆ ದೊಡ್ಡ ಕಾರಣ ಅದೇ.

ಮಾರ್ಚ್ 31ರ 43ಬಿ(ಎಚ್) ಪಟ್ಟಿಯಲ್ಲಿ ಬಾಕಿ ₹48 ಲಕ್ಷದಿಂದ ₹19 ಲಕ್ಷಕ್ಕೆ ಬಂದಿತ್ತು. ಹುಡುಗಿಯನ್ನು ಪರ್ಮನೆಂಟ್ ಮಾಡಲು ಡೈರೆಕ್ಟರ್ ಒಪ್ಪಿದರು. ಅದೇ ಮೇಲ್‌ನ ಕೆಳಗೆ ಇನ್ನೊಂದು ಸಾಲು ಇತ್ತು. ‘ಈ 19 ಲಕ್ಷ ಯಾರದು?’

ಮತ್ತೆ ಗೇಟಿನ ರಿಜಿಸ್ಟರ್ ತರಿಸಿದೆ. ಸೆಕ್ಯುರಿಟಿ ಅಣ್ಣ ಕೇಳದೆಯೇ ಬಂದು ಪಕ್ಕದಲ್ಲಿ ಕೂತರು. ಸಂಜೆಯ ಹೊತ್ತಿಗೆ ಪಟ್ಟಿ ತಯಾರಾಯಿತು. ಸ್ಟೋರ್ಸ್ 9 ಲಕ್ಷ, ಅಪ್ರೂವಲ್ 6, ನಮ್ಮದು 4. ಅಪ್ರೂವಲ್‌ನ ಆ ಆರು ಲಕ್ಷದಲ್ಲಿ ಮೂರೂವರೆ ಲಕ್ಷದ ಬಿಲ್‌ಗಳು ನಿಂತದ್ದು ಡೈರೆಕ್ಟರ್ ಅವರ ಇನ್‌ಬಾಕ್ಸಿನಲ್ಲೇ. ಅದನ್ನೂ ಒಂದು ಸಾಲಿನಲ್ಲಿ ಬರೆದು ಕಳಿಸಿದೆ.